ಅತಿಥಿಯ ಅಭಿಮಾನಿಗಳೋ, ವಿಷಯದ ಸೆಳೆತವೋ?

"ಹೆಸರಾಂತ ನಟರೊಬ್ಬರೊಡನೆ ನಿದ್ರಾಹೀನತೆಯ ಬಗ್ಗೆ ಮಾಡಿದ ಯೂಟ್ಯೂಬ್ ಸಂಚಿಕೆಗೆ 80,000 ವೀಕ್ಷಣೆ ಬಂದಿದೆ. ಉಳಿದವಕ್ಕೆ 10,000 ದಾಟುವುದಿಲ್ಲ. ನಿದ್ರೆಯ ಮೇಲೆ ಸರಣಿಯನ್ನೇ ಮಾಡಲೇ?"

ಬಹುಪಾಲು ನಟರ ಅಭಿಮಾನಿಗಳೇ ಬಂದಿರಬೇಕು. ಸರಣಿಗೆ ಕೈ ಹಾಕುವ ಮೊದಲು ಆ ಸಂಚಿಕೆಯ ಅನಲಿಟಿಕ್ಸ್‌ನಲ್ಲಿ Reach ತೆರೆದು, ವೀಕ್ಷಕರು ಎಲ್ಲಿಂದ ಬಂದರು ಎಂಬುದನ್ನು ನೋಡಿ. YouTube search ಒಳಗೆ ಜನ ಟೈಪ್ ಮಾಡಿದ ಪದಗಳೇ ಸಿಗುತ್ತವೆ. ಅಲ್ಲಿ ನಟರ ಹೆಸರೇ ತುಂಬಿದ್ದರೆ ಅದು ಅವರ ಪಾಲು. "ನಿದ್ರೆ ಬರುತ್ತಿಲ್ಲ" ಎಂಬಂಥ ಹುಡುಕಾಟ ವಿಷಯದ ಪಾಲು. Suggested videos ಪಟ್ಟಿಯಲ್ಲಿ ನಟರ ಬೇರೆ ಸಂದರ್ಶನಗಳು ಕಂಡರೆ ಅದೂ ನಟರ ಪಾಲೇ. ಅವರು ಕೊಂಡಿ ಹಂಚಿಕೊಂಡ ದಿನ External, ಅಂದರೆ ಯೂಟ್ಯೂಬ್‌ನ ಹೊರಗಿನಿಂದ ಬಂದ ವೀಕ್ಷಣೆ, ದಿಢೀರನೆ ಏರಿತ್ತೇ ಎಂಬುದನ್ನೂ ಗಮನಿಸಿ.

ತೊಡಕಿರುವುದು Browse featuresನಲ್ಲಿ. ನಟರ ವೀಡಿಯೊ ನೋಡುವವರ ಮುಖಪುಟಕ್ಕೂ ಯೂಟ್ಯೂಬ್ ನಿಮ್ಮ ಸಂಚಿಕೆಯನ್ನು ತಂದಿಡುತ್ತದೆ, ಅವರನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಅದಕ್ಕೇ ಮುಂದೆ, ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರು ಎಂದು ತೋರಿಸುವ ರಿಟೆನ್ಷನ್ ರೇಖೆ ನೋಡಿ. ಸಿನಿಮಾ ಮಾತು ಮುಗಿದು ನಿದ್ರೆಯ ಮಾತು ಶುರುವಾಗುವಲ್ಲಿ ರೇಖೆ ಕುಸಿದರೆ ಬಂದವರಿಗೆ ವಿಷಯ ಬೇಕಿರಲಿಲ್ಲ. ಅಲ್ಲಿ ಉಬ್ಬಿದ್ದರೆ ಜನ ಆ ಭಾಗಕ್ಕೇ ಹಾರಿ ಬಂದಿದ್ದಾರೆ ಅಥವಾ ಮತ್ತೆ ನೋಡಿದ್ದಾರೆ.

ಆಮೇಲೂ ಅನುಮಾನ ಉಳಿದರೆ ಹೆಚ್ಚು ಜನರಿಗೆ ಗೊತ್ತಿಲ್ಲದ ನಿದ್ರಾ ತಜ್ಞರೊಬ್ಬರೊಡನೆ ಒಂದೇ ಒಂದು ಸಂಚಿಕೆ ಮಾಡಿ. ಶೀರ್ಷಿಕೆಯಲ್ಲಿ ಸಮಸ್ಯೆ ಮಾತ್ರ ಇರಲಿ, ಹೆಸರು ಬೇಡ. ತಿಂಗಳ ಬಳಿಕ ಅದನ್ನು 80,000ಕ್ಕಲ್ಲ, ನಿಮ್ಮ ಎಂದಿನ 10,000ಕ್ಕೆ ಹೋಲಿಸಿ. 15,000 ಆಸುಪಾಸಿಗೆ ಬಂದರೂ ನಾನಾದರೆ ಇನ್ನೆರಡು ಮಾಡುತ್ತೇನೆ. 10,000ದಲ್ಲೇ ನಿಂತರೆ ಸರಣಿ ಬೇಡ.