ಹನ್ನೆರಡು ಅಂಕಿಗಳ ವ್ಯಾಟ್ ಸಂಖ್ಯೆ ಯಾವ ದೇಶದ್ದು?

ಪ್ರಶ್ನೆ: ನಾವು ಅಡಿಕೆ ಹಾಳೆಯ ತಟ್ಟೆ ತಯಾರಿಸುತ್ತೇವೆ. ಹ್ಯಾಂಬರ್ಗ್‌ನ ಖರೀದಿದಾರರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆರ್ಡರ್‌ನ ಮಸುಕು ಚಿತ್ರದಿಂದ ಅವರ ವ್ಯಾಟ್ ಸಂಖ್ಯೆಯನ್ನು 123456782801 ಎಂದು ಬರೆದುಕೊಂಡಿದ್ದೇವೆ. ಮುಂದೆ ಅಕ್ಷರಗಳಿಲ್ಲ. ಜರ್ಮನಿ ಎಂದು ಹಾಕಿದರೆ ತಪ್ಪು ಎಂದು ಬರುತ್ತದೆ. ಪರಿಚಯದವರು ಸ್ವೀಡನ್‌ನದು ಎನ್ನುತ್ತಾರೆ. ಇದು ಮೋಸವೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಮೋಸ ಎನ್ನುವ ಮೊದಲು ಆ ಚಿತ್ರವನ್ನು ದೊಡ್ಡದು ಮಾಡಿ ಹತ್ತನೆಯ ಗುರುತನ್ನು ನೋಡಿ. ನೀವು 8 ಎಂದು ಓದಿದ್ದು B ಆಗಿರಬೇಕು. ಹಾಗಿದ್ದರೆ ಇದು ನೆದರ್ಲೆಂಡ್ಸ್‌ನ ಸಂಖ್ಯೆ. (ಪ್ರಕಟಣೆಗಾಗಿ ನಿಮ್ಮ ಅಂಕಿಗಳನ್ನು ಬದಲಿಸಿದ್ದೇನೆ. ರಚನೆಯೂ ಲೆಕ್ಕದ ಫಲಿತಾಂಶವೂ ಮೊದಲಿನಂತೆಯೇ ಇವೆ.)

ಜರ್ಮನಿಯ ವ್ಯಾಟ್ ಸಂಖ್ಯೆ ಎಂದರೆ DE ಮತ್ತು ಒಂಬತ್ತು ಅಂಕಿ. ಹನ್ನೆರಡು ಅಲ್ಲಿ ಕೂಡುವುದಿಲ್ಲ. ನಿಮ್ಮ ಪರಿಚಯದವರು ಸ್ವೀಡನ್ ಎಂದದ್ದಕ್ಕೆ ಕಾರಣವಿದೆ. ಸ್ವೀಡನ್‌ನಲ್ಲಿ SE ನಂತರ ಹನ್ನೆರಡು ಅಂಕಿಗಳಿರುತ್ತವೆ, ಕೊನೆಯ ಎರಡು 01 ಆಗಿರುತ್ತವೆ. ನಿಮ್ಮದೂ 01 ರಲ್ಲಿಯೇ ಮುಗಿಯುತ್ತದೆ. ಆದರೆ ಅಲ್ಲಿನ ಮೊದಲ ಹತ್ತು ಅಂಕಿಗಳಿಗೆ ಒಂದು ಒಳಲೆಕ್ಕವಿದೆ. ಮೊದಲನೆಯ, ಮೂರನೆಯ, ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಬೇಕು. ಎರಡಂಕಿ ಬಂದರೆ ಅವನ್ನು ಕೂಡಿಸಿ ಒಂದಂಕಿ ಮಾಡಬೇಕು. ಉಳಿದವನ್ನು ಹಾಗೆಯೇ ಸೇರಿಸಬೇಕು. ಒಟ್ಟು ಮೊತ್ತ ಹತ್ತರಿಂದ ಭಾಗವಾಗಬೇಕು. 1234567828 ಕ್ಕೆ ಬರುವುದು 46. ಆದ್ದರಿಂದ ಸ್ವೀಡನ್ ಅಲ್ಲ.

ನೆದರ್ಲೆಂಡ್ಸ್‌ನ ರಚನೆ ಬೇರೆ ಯಾರಿಗೂ ಇಲ್ಲದಂಥದ್ದು: NL, ಒಂಬತ್ತು ಅಂಕಿ, ನಡುವೆ B, ಕೊನೆಗೆ ಎರಡು ಅಂಕಿ. ಅಂದರೆ

```
NL123456782B01
```

ಇಲ್ಲಿಯೂ ಕೈಲೆಕ್ಕ ಮಾಡಿ ನೋಡಬಹುದು. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 9, 8, 7 ಹೀಗೆ 2 ರವರೆಗಿನ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದರೆ 156 ಬರುತ್ತದೆ. ಅದನ್ನು 11 ರಿಂದ ಭಾಗಿಸಿದರೆ ಶೇಷ 2, ಒಂಬತ್ತನೆಯ ಅಂಕಿಯೂ 2. ಸುಮಾರು ಹನ್ನೊಂದರಲ್ಲಿ ಒಂದು ಸಲ ಇಂಥ ಹೊಂದಿಕೆ ಆಕಸ್ಮಿಕವಾಗಿಯೂ ಬರಬಹುದು. ಆದರೆ B ಯ ಜಾಗ, 01 ರ ಕೊನೆ, ಈ ಶೇಷ ಮೂರೂ ಒಟ್ಟಿಗೆ ಬಂದಿರುವಾಗ ನನಗೆ ಅನುಮಾನ ಉಳಿದಿಲ್ಲ. ಒಂದು ಎಚ್ಚರಿಕೆ: 2020 ರಿಂದ ಅಲ್ಲಿನ ಏಕವ್ಯಕ್ತಿ ವ್ಯವಹಾರಗಳಿಗೆ ಕೊಟ್ಟ ಸಂಖ್ಯೆಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಬೇರೊಬ್ಬರ ಸಂಖ್ಯೆಯಲ್ಲಿ ಶೇಷ ಹೊಂದದಿದ್ದರೆ ಅದನ್ನು ನಕಲಿ ಎಂದುಬಿಡಬೇಡಿ.

ಹ್ಯಾಂಬರ್ಗ್‌ನವರ ಬಳಿ ಡಚ್ ಸಂಖ್ಯೆ ಏಕಿದೆ? ಮುಂದಿನ ಎರಡಕ್ಷರ ಕಂಪನಿಯ ಊರನ್ನು ಹೇಳುವುದಿಲ್ಲ, ಅದು ಎಲ್ಲಿ ತೆರಿಗೆಗೆ ನೋಂದಾಯಿಸಿಕೊಂಡಿದೆ ಎಂಬುದನ್ನು ಹೇಳುತ್ತದೆ. ಈ ವ್ಯತ್ಯಾಸ ತಿಳಿಯದೆ ಒಳ್ಳೆಯ ಖರೀದಿದಾರರನ್ನು ಅನುಮಾನಿಸಿದವರನ್ನು ನಾನು ಬಲ್ಲೆ. ನಿಮ್ಮ ಜಿಎಸ್‌ಟಿ ಸಂಖ್ಯೆ ಕರ್ನಾಟಕದ 29 ರಿಂದ ಶುರುವಾಗುತ್ತದೆ. ನಾಳೆ ಕೊಚ್ಚಿಯಲ್ಲಿ ಗೋದಾಮು ಮಾಡಿ ಅಲ್ಲಿಂದ ಮಾರಿದರೆ ಕೇರಳದ 32 ರಿಂದ ಶುರುವಾಗುವ ಇನ್ನೊಂದು ಸಂಖ್ಯೆ ಬೇಕಾಗುತ್ತದೆ. ಹಾಗೆಯೇ ಜರ್ಮನಿಯ ಕಂಪನಿ ರಾಟರ್‌ಡ್ಯಾಮ್ ಬಂದರಿನಲ್ಲಿ ಸರಕು ಇಳಿಸಿ ಅಲ್ಲಿಯೇ ದಾಸ್ತಾನಿಟ್ಟು ಮಾರುತ್ತಿದ್ದರೆ ಡಚ್ ಸಂಖ್ಯೆ ಪಡೆದಿರುತ್ತದೆ. ನಮ್ಮಲ್ಲಿ ಎರಡೂ ಸಂಖ್ಯೆಗಳ ಹೊಟ್ಟೆಯಲ್ಲಿ ಒಂದೇ ಪ್ಯಾನ್ ಇರುವುದರಿಂದ ಒಬ್ಬರದೇ ಎಂದು ಕಂಡುಹಿಡಿಯಬಹುದು. ಯುರೋಪಿನ ಸಂಖ್ಯೆಗಳಲ್ಲಿ ಹಾಗೆ ದೇಶ ದಾಟುವ ಕೊಂಡಿ ಇಲ್ಲ. ಆದ್ದರಿಂದ ಅವರ DE ಸಂಖ್ಯೆಯನ್ನೂ ಕೇಳಿ ಪಡೆಯಿರಿ.

ಎರಡನ್ನೂ ಯುರೋಪಿಯನ್ ಕಮಿಷನ್‌ನ VIES ತಾಣದಲ್ಲಿ ಹಾಕಿ ನೋಡಿ. ದೇಶವನ್ನು ಪಟ್ಟಿಯಿಂದ ಆರಿಸಿ, ಉಳಿದ ಭಾಗವನ್ನು ಮಾತ್ರ ಟೈಪ್ ಮಾಡಿ. ಡಚ್ ಸಂಖ್ಯೆ ಸರಿಯಿದ್ದರೆ ಕಂಪನಿಯ ಹೆಸರು, ವಿಳಾಸ ಕಾಣಿಸುತ್ತವೆ. ಅವು ಆರ್ಡರ್‌ನಲ್ಲಿರುವ ಹೆಸರಿಗೆ ಹೊಂದಬೇಕು. ನಾನು ಹೆಚ್ಚು ತೂಕ ಕೊಡುವುದು ಇದಕ್ಕೇ, ಏಕೆಂದರೆ ಬೇರೆ ಯಾರದೋ ಚಾಲ್ತಿಯಲ್ಲಿರುವ ಸಂಖ್ಯೆಯನ್ನು ಕದ್ದು ಹಾಕಿದರೂ ರಚನೆ, ಶೇಷ ಎಲ್ಲವೂ ಸರಿಯಾಗಿಯೇ ಇರುತ್ತವೆ. ಆದರೆ ಜರ್ಮನಿ ಅಲ್ಲಿ ಹೆಸರು ತೋರಿಸುವುದಿಲ್ಲ, ಸಂಖ್ಯೆ ಚಾಲ್ತಿಯಲ್ಲಿದೆ ಎಂದಷ್ಟೇ ಹೇಳುತ್ತದೆ. ಹಾಗಾಗಿ ನಿಮ್ಮ ಪ್ರಕರಣದಲ್ಲಿ ಡಚ್ ಸಂಖ್ಯೆಯೇ ಹೆಚ್ಚು ಉಪಯುಕ್ತ.

ಅವರು NL ಮತ್ತು ಒಂಬತ್ತೇ ಅಂಕಿಗಳ, B ಇಲ್ಲದ ಇನ್ನೊಂದು ಸಂಖ್ಯೆಯನ್ನು ಕಳಿಸಿದರೆ ಗಾಬರಿಯಾಗಬೇಡಿ. ಅದು ಕಸ್ಟಮ್ಸ್‌ಗೆ ಬೇಕಾದ EORI ಸಂಖ್ಯೆ. ಅದನ್ನು VIES ನಲ್ಲಿ ಹಾಕಿದರೆ ತಪ್ಪೆಂದೇ ಬರುತ್ತದೆ. ಸರಕು ಸಾಗಣೆಯ ಏಜೆಂಟರಿಗೆ ಕೊಡಿ.