ಸಮುದ್ರ ದಾಟಿದ ಮೆಕ್ಕೆಜೋಳ

ಪ್ರಶ್ನೆ: ಮೆಣಸಿನಕಾಯಿ, ಮೆಕ್ಕೆಜೋಳ, ಆಲೂಗಡ್ಡೆ, ತಂಬಾಕು ಸಮುದ್ರ ದಾಟಿ ಬಂದ ಮೇಲೆ ಜನರ ಊಟ, ಬೇಸಾಯ ಹೇಗೆ ಬದಲಾಯಿತು?

ಉತ್ತರ: ನಾಲ್ಕೂ ಅಮೆರಿಕದ ಬೆಳೆಗಳು. 1492ರ ನಂತರ ಸ್ಪೇನ್, ಪೋರ್ಚುಗಲ್ ಹಡಗುಗಳಲ್ಲಿ ಹೊರಬಂದವು. ಮೆಣಸಿನಕಾಯಿ ನಮ್ಮ ಕಡೆ ಬಂದದ್ದು ಪೋರ್ಚುಗೀಸರಿಂದ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಮೆಕ್ಕೆಜೋಳದ ಕಥೆ.

ಮೆಕ್ಸಿಕೋದಲ್ಲಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ರುಬ್ಬಿ ರೊಟ್ಟಿ ಮಾಡುತ್ತಾರೆ. ಕಾಳಿನಲ್ಲಿರುವ ನಯಾಸಿನ್ (ಬಿ3 ಜೀವಸತ್ವ) ಚೆನ್ನಾಗಿ ಮೈಗೆ ಹತ್ತುವುದು ಹೀಗೆ ಮಾಡಿದಾಗ. ಯುರೋಪಿಗೆ ಬೀಜ ಬಂತು, ಈ ಅಡುಗೆ ಕ್ರಮ ಬರಲಿಲ್ಲ. ಗೋಧಿಗಿಂತ ಜಾಸ್ತಿ ಇಳುವರಿ ಅಂತ ಉತ್ತರ ಇಟಲಿಯಲ್ಲಿ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿದವು. ಬಡ ಕೂಲಿಗಳಿಗೆ ಮೂರು ಹೊತ್ತೂ ಬರೀ ಮೆಕ್ಕೆಜೋಳದ ಹಿಟ್ಟಿನ ಗಂಜಿ. ಬಿಸಿಲು ಬಿದ್ದ ಕಡೆ ಚರ್ಮ ಕೆಂಪಾಗಿ ಸಿಪ್ಪೆ ಏಳುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ: ಇದೇ ಪೆಲಾಗ್ರಾ. ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ 1735ರಲ್ಲೇ ಇದನ್ನು ಗುರುತಿಸಿದ್ದ. ನಯಾಸಿನ್ ಕೊರತೆಯೇ ಕಾರಣ ಅಂತ ಖಚಿತವಾಗಿದ್ದು 1937ರ ಹೊತ್ತಿಗೆ.

ಮೆಕ್ಕೆಜೋಳದ ಜೊತೆ ಹಾಲು, ಮಾಂಸ, ಬೇಳೆಕಾಳು ಸಾಕಷ್ಟು ತಿನ್ನುವವರಿಗೆ ಈ ತೊಂದರೆ ಇಲ್ಲ. ದಾವಣಗೆರೆ, ಹಾವೇರಿ ಕಡೆ ಈಗ ಮೆಕ್ಕೆಜೋಳ ದೊಡ್ಡ ಬೆಳೆ. ಆದರೆ ಅದರಲ್ಲಿ ದೊಡ್ಡ ಪಾಲು ಹೋಗುವುದು ಕೋಳಿ ಆಹಾರಕ್ಕೆ.