ಲೆಸರ್ ಸ್ಯಾಕ್‌ಗೆ ಬೆರಳಿನ ದಾರಿ

"ಲೆಸರ್ ಸ್ಯಾಕ್ ಹೊಟ್ಟೆಯೊಳಗೆ ಎಲ್ಲಿದೆ ಎಂದು ಚಿತ್ರ ನೋಡಿದರೂ ಹೊಳೆಯುತ್ತಿಲ್ಲ. ಡಿಸೆಕ್ಷನ್‌ನಲ್ಲಿ ಹೇಗೆ ಗುರುತಿಸುವುದು?"

ಲೆಸರ್ ಸ್ಯಾಕ್ ಎಂದರೆ ಜಠರದ ಹಿಂದಿರುವ ಚೀಲದಂತಹ ಜಾಗ. ಚಿತ್ರವನ್ನು ಪಕ್ಕಕ್ಕಿಟ್ಟು ಬೆರಳನ್ನೇ ನಂಬಿ. ಯಕೃತ್ತನ್ನು ಮೇಲೆತ್ತಿ, ಪಿತ್ತಕೋಶದ ಜಾಡು ಹಿಡಿದು ಅದರ ಕತ್ತಿನವರೆಗೆ ಬನ್ನಿ. ಅಲ್ಲಿ ಯಕೃತ್ತನ್ನು ಜಠರಕ್ಕೆ ಜೋಡಿಸುವ ಪೊರೆಯಾದ ಲೆಸರ್ ಓಮೆಂಟಂನ ಬಲ ಅಂಚು ಸಿಗುತ್ತದೆ. ಅದರ ಹಿಂದೆ ತೋರುಬೆರಳನ್ನು ಎಡಕ್ಕೆ ಜಾರಿಸಿದರೆ ಎಪಿಪ್ಲೋಯಿಕ್ ಫೊರಾಮೆನ್ ಎಂಬ ಬಾಗಿಲು ದಾಟಿ ಲೆಸರ್ ಸ್ಯಾಕ್ ಒಳಗಿರುತ್ತೀರಿ. ಜಠರ ಈಗ ನಿಮ್ಮ ಬೆರಳಿನ ಮುಂದಿದೆ, ಮೇದೋಜೀರಕ ಗ್ರಂಥಿ ಹಿಂದಿದೆ.

ಈ ಚೀಲ ಹಿಂದೆ ಬಿದ್ದದ್ದೇಕೆ? ಭ್ರೂಣದಲ್ಲಿ ಜಠರ ತನ್ನ ಉದ್ದದ ಅಕ್ಷದ ಸುತ್ತ 90 ಡಿಗ್ರಿ ತಿರುಗುವಾಗ ಅದನ್ನು ಹಿಂಗೋಡೆಗೆ ಜೋಡಿಸುವ ಪೊರೆ, ಅಂದರೆ ಬೆನ್ನಿನ ಮೆಸೆಂಟರಿ, ಎಡಕ್ಕೆ ವಾಲುತ್ತದೆ, ಬಲಬದಿಯ ಜಾಗ ಹಿಂದಕ್ಕೆ ಸೇರುತ್ತದೆ. ಆ ಮೆಸೆಂಟರಿಯೇ ಮುಂದೆ ಕೆಳಗಿಳಿದು ಗ್ರೇಟರ್ ಓಮೆಂಟಂ ಆಗುತ್ತದೆ.

ಬೆರಳನ್ನು ತೆಗೆಯಬೇಡಿ. ಹೆಬ್ಬೆರಳನ್ನು ಮುಂದಿಟ್ಟು ಲೆಸರ್ ಓಮೆಂಟಂನ ಆ ಬಲ ಅಂಚನ್ನು ಹಿಸುಕಿ. ಒಳಗೆ ಬಲಕ್ಕೆ ಪಿತ್ತನಾಳ, ಎಡಕ್ಕೆ ಹೆಪಾಟಿಕ್ ಅಪಧಮನಿ, ಇವೆರಡರ ಹಿಂದೆ ಪೋರ್ಟಲ್ ಅಭಿಧಮನಿ. ಯಕೃತ್ತು ಹರಿದು ರಕ್ತ ಸುರಿಯುವಾಗ ಹೀಗೆಯೇ ಹಿಡಿಯುವ ಕ್ರಮವನ್ನು ಗ್ಲಾಸ್ಗೋದ ಶಸ್ತ್ರವೈದ್ಯ ಪ್ರಿಂಗಲ್ 1908ರಲ್ಲಿ ವಿವರಿಸಿದರು. ಹಿಡಿದ ಮೇಲೂ ರಕ್ತ ನಿಲ್ಲದಿದ್ದರೆ ಹೆಪಾಟಿಕ್ ಅಭಿಧಮನಿಗೋ ಬೆರಳಿನ ಹಿಂದಿರುವ ಇನ್‌ಫೀರಿಯರ್ ವೀನಾ ಕೇವಾಗೋ ಪೆಟ್ಟಾಗಿದೆಯೆಂದು ಶಂಕಿಸಬೇಕು.